ಕತ್ತರಿ ಹಿಡಿದವಳ ಪರಿಚಯ

ನಿವೃತ್ತಿಯಾದ ದಿನವೇ ಕೆಂಪು ಶಾಯಿಯ ಪೆನ್ನನ್ನು ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದೆನೆಂದು ನಾನು ಬಂಧುಗಳ ಮುಂದೆಲ್ಲ ಹೇಳಿಕೊಂಡು ಬಂದಿದ್ದೆ. ಆದರೆ ಮೇಷ್ಟ್ರಗಿರಿ ಅಷ್ಟು ಸುಲಭವಾಗಿ ಬಿಡುವ ರೋಗವಲ್ಲ. ಮದುವೆಯ ಆಮಂತ್ರಣ ಪತ್ರಿಕೆ ಕೈಗೆ ಬಂದರೂ ಮೊದಲು ಕಣ್ಣಿಗೆ ಬೀಳುವುದು ಮುಹೂರ್ತವಲ್ಲ, ಕಾಗುಣಿತದ ತಪ್ಪು. ಹೀಗಿರುವಾಗ ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು, ಮಡಿಚಿದ ಒಂದು ಹಾಳೆಯನ್ನು ನನ್ನ ಮುಂದಿಟ್ಟು, "ಮೇಡಂ, ಎಸ್ಸೆಸ್ಸೆಲ್ಸೀಲಿ ನನ್ನ ಪ್ರಬಂಧಕ್ಕೆಲ್ಲ ಕೆಂಪು ಗೀಟು ಹಾಕ್ತಿದ್ರಲ್ಲ, ಇದಕ್ಕೂ ಹಾಗೇ ಹಾಕ್ಕೊಡಿ" ಎಂದಳು. ಬೀಗ ತೆಗೆಯದೆ ಗತಿಯಿರಲಿಲ್ಲ.

ಆಕೆ ಮೈಸೂರಿನಲ್ಲಿ ಮಹಿಳೆಯರಿಗಾಗಿ ಒಂದು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡವೆಂದಿದ್ದಾಳೆ. ಈಗ ಗಿರಾಕಿಗಳು ನೇರವಾಗಿ ಬಂದು ಬೆಂಚಿನ ಮೇಲೆ ಕಾಯುವುದಿಲ್ಲ, ಮೊದಲೇ ಸಮಯ ಗೊತ್ತುಮಾಡಿಕೊಂಡು ಬರುತ್ತಾರೆ. ಹಾಗೆ ಗೊತ್ತುಮಾಡಿಕೊಳ್ಳುವ ಮುನ್ನ ಅಂಗಡಿಯ ಒಡತಿ ಯಾರು, ಎಂಥವಳು ಎಂದು ನಾಲ್ಕು ಸಾಲು ಓದಲು ಬಯಸುತ್ತಾರೆ. ಆ ನಾಲ್ಕು ಸಾಲು ಬರೆಯುವುದೇ ಆಕೆಗೆ ಕಷ್ಟವಾಗಿತ್ತು. ಹಾಳೆಯಲ್ಲಿ ಇದ್ದದ್ದು ಇಷ್ಟು:

"ಸೌಂದರ್ಯಲೋಕದಲ್ಲಿ ಇಪ್ಪತ್ತು ವರ್ಷಗಳ ಅಪಾರ ಅನುಭವವುಳ್ಳ, ಅಂತಾರಾಷ್ಟ್ರೀಯ ಮಟ್ಟದ ತರಬೇತಿ ಪಡೆದ ನಮ್ಮಲ್ಲಿ ಎಲ್ಲ ಬಗೆಯ ಸೇವೆಗಳೂ ಲಭ್ಯ. ನುರಿತ ಸಿಬ್ಬಂದಿ, ಮನೆಯಂಥ ವಾತಾವರಣ. ಗ್ರಾಹಕರ ತೃಪ್ತಿಯೇ ನಮ್ಮ ಗುರಿ. ಒಮ್ಮೆ ಭೇಟಿ ಕೊಡಿ."

ಕಾಗುಣಿತದಲ್ಲಿ ಒಂದೂ ತಪ್ಪಿರಲಿಲ್ಲ. ಆದರೂ ನಾನು ಇಡೀ ಹಾಳೆಗೆ ಮೂಲೆಯಿಂದ ಮೂಲೆಗೆ ಒಂದು ಗೀಟೆಳೆದೆ. ಆಕೆಯ ಮುಖ ಬಾಡಿತು. "ಮಗೂ, ಈ ಹಾಳೆಯನ್ನು ಒಯ್ದು ನಿನ್ನ ಬೀದಿಯ ಇನ್ನೊಂದು ಪಾರ್ಲರಿನ ಬಾಗಿಲಿಗೆ ಅಂಟಿಸಿದರೆ ಒಂದಕ್ಷರವನ್ನಾದರೂ ಬದಲಿಸಬೇಕಾಗುತ್ತದೆಯೇ?" ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, "ಇಲ್ಲ ಮೇಡಂ" ಎಂದಳು. ಹಾಗಾದರೆ ಇದು ಪರಿಚಯ ಹೇಗಾದೀತು? ಅಂದು ಸಂಜೆ ಎರಡು ಗಂಟೆ ಕಾಲ ನಾವಿಬ್ಬರೂ ಕುಳಿತು ಮಾಡಿದ ಕೆಲಸವನ್ನು, ಅದರಿಂದ ನನಗೆ ಹೊಳೆದ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ಇಷ್ಟು ಸಣ್ಣ ಬರಹಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ? ಬೇಕು ಎಂಬುದು ನನ್ನ ಮತ. ಅಮೆರಿಕದ ರಾಜ್ಯಗಳಲ್ಲಿ ಕೂದಲು ಕತ್ತರಿಸುವವರು ಹಣ ಪಡೆದು ಕೆಲಸ ಮಾಡಬೇಕಾದರೆ ಸರಕಾರದ ಲೈಸೆನ್ಸು ಪಡೆದಿರಬೇಕು, ಅದಕ್ಕೆ ಇಂತಿಷ್ಟು ಗಂಟೆಗಳ ತರಬೇತಿಯೂ ಪರೀಕ್ಷೆಯೂ ಉಂಟು. ನಮ್ಮಲ್ಲಿ ಹಾಗಿಲ್ಲ. ಅಂಗಡಿಗೆ ನಗರಪಾಲಿಕೆಯ ಉದ್ದಿಮೆ ಪರವಾನಗಿ ಬೇಕು, ನಿಜ. ಆದರೆ ಅದು ಆ ಜಾಗದಲ್ಲಿ ವ್ಯಾಪಾರ ಮಾಡಲು ಕೊಟ್ಟ ಅನುಮತಿಯೇ ಹೊರತು ಕತ್ತರಿ ಹಿಡಿದ ಕೈಗೆ ಕೊಟ್ಟ ಅಂಕಪಟ್ಟಿಯಲ್ಲ. ಹದಿನೈದು ದಿನ ಕಲಿತವಳೂ ಹದಿನೈದು ವರ್ಷ ದುಡಿದವಳೂ ಒಂದೇ ಬಗೆಯ ಫಲಕ ಹಾಕಿಕೊಳ್ಳಬಹುದು. ಆದ್ದರಿಂದ ಮೊದಲ ಸಲ ಹೋಗುವ ಗಿರಾಕಿಗೆ ಒಡತಿ ತನ್ನ ಬಗ್ಗೆ ಬರೆದ ಮಾತೇ ಬಹುಪಾಲು ಇರುವ ಆಧಾರ. ಅದು ಪೊಳ್ಳಾದರೆ, ಚೆನ್ನಾಗಿ ಕಲಿತವಳಿಗೇ ನಷ್ಟ. ಕಲಿಯದವಳಿಗೆ ಪೊಳ್ಳು ಮಾತಿನಿಂದ ಲಾಭವೇ.

ಇನ್ನು ತರಬೇತಿಯ ವಿಷಯ. "ಅಂತಾರಾಷ್ಟ್ರೀಯ ಮಟ್ಟದ ತರಬೇತಿ ಅಂದರೇನು?" ಎಂದು ಕೇಳಿದೆ. ಆಕೆ ತುಸು ಸಂಕೋಚದಿಂದಲೇ ಹೇಳಿದಳು. ಕೂದಲಿನ ಬಣ್ಣ ತಯಾರಿಸುವ ಕಂಪನಿಯೊಂದು ಹೋಟೆಲಿನಲ್ಲಿ ಎರಡು ದಿನ ನಡೆಸಿದ ಕಾರ್ಯಾಗಾರಕ್ಕೆ ಹೋಗಿದ್ದಳು, ಕೊನೆಯಲ್ಲಿ ಚೌಕಟ್ಟು ಹಾಕಿದ ಪ್ರಮಾಣಪತ್ರ ಕೊಟ್ಟಿದ್ದರು. ಅದರಲ್ಲಿ ಬರೆದಿದ್ದದ್ದು "ಭಾಗವಹಿಸಿದ್ದಾರೆ" ಎಂದು. ಭಾಗವಹಿಸುವುದು ಬೇರೆ, ಉತ್ತೀರ್ಣರಾಗುವುದು ಬೇರೆ. ಶಾಲೆಯ ಕ್ರೀಡಾಕೂಟದಲ್ಲಿ ಎಲ್ಲರಿಗೂ ಕೊಡುವ ಕಾಗದವನ್ನು ಯಾರೂ ಪದವಿ ಎನ್ನುವುದಿಲ್ಲ. ಅಂಥ ಕಾರ್ಯಾಗಾರದಿಂದ ಉಪಯೋಗವಿಲ್ಲವೆಂದಲ್ಲ. ಆ ಕಂಪನಿಯ ಬಣ್ಣವನ್ನು ಹೇಗೆ ಕಲಸಬೇಕು, ಎಷ್ಟು ನಿಮಿಷ ಬಿಡಬೇಕು ಎಂಬುದು ಅಲ್ಲಿ ತಿಳಿಯುತ್ತದೆ. ಆದರೆ ಅದನ್ನು ಅದರ ಅಳತೆಯಲ್ಲೇ ಹೇಳಬೇಕು.

ಸೋಜಿಗವೆಂದರೆ, ಹೇಳಬೇಕಾದ ನಿಜವಾದ ತರಬೇತಿಯನ್ನು ಆಕೆ ಬಿಟ್ಟಿದ್ದಳು. ಪಿಯುಸಿ ಮುಗಿಸಿ ಐಟಿಐಗೆ ಸೇರಿ ಒಂದು ವರ್ಷ ಕೂದಲು ಮತ್ತು ಚರ್ಮದ ಆರೈಕೆಯನ್ನು ಕಲಿತು, 2007ರಲ್ಲಿ ಪರೀಕ್ಷೆ ಪಾಸು ಮಾಡಿದ್ದಳು. ಈಗ ಐಟಿಐಗಳಲ್ಲಿರುವ ಕಾಸ್ಮೆಟಾಲಜಿ ಕೋರ್ಸು ಇದೇ ಬಗೆಯದು. "ಅದನ್ನು ಯಾಕೆ ಬರೆಯಲಿಲ್ಲ?" ಎಂದರೆ, "ಐಟಿಐ ಅಂದ್ರೆ ಜನ ವೆಲ್ಡಿಂಗು, ಫಿಟ್ಟರು ಅಂದ್ಕೋತಾರೆ ಮೇಡಂ" ಎಂದಳು. ಅದೇ ಐಟಿಐಯಲ್ಲಿ ಆಕೆ ಕಲಿತದ್ದನ್ನು ನನಗೆ ವಿವರಿಸಿದಾಗ ನಾನು ವಿದ್ಯಾರ್ಥಿನಿಯಾಗಿ ಕುಳಿತೆ. ಬಣ್ಣದ ಜತೆ ಕಲಸುವ ದ್ರಾವಣದ ಸೀಸೆಯ ಮೇಲೆ "20 ವಾಲ್ಯೂಮ್" ಎಂದಿದ್ದರೆ ಅದರಲ್ಲಿ ಶೇಕಡಾ 6ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, "30" ಎಂದಿದ್ದರೆ ಶೇಕಡಾ 9. ನರೆಗೂದಲಿಗೆ ಬಣ್ಣ ಹಿಡಿಸಲು ಸಾಮಾನ್ಯವಾಗಿ ಮೊದಲನೆಯದೇ ಸಾಕು. ಬೇಗ ಮುಗಿಯಲೆಂದು ಹೆಚ್ಚಿನದನ್ನು ಬಳಸಿದರೆ ಕೂದಲು ಒರಟಾಗುತ್ತದೆ, ನೆತ್ತಿ ಉರಿಯುತ್ತದೆ. ಇಷ್ಟು ತಿಳಿದವಳು ಅದನ್ನು ಕಲಿತ ಜಾಗವನ್ನು ಮುಚ್ಚಿಟ್ಟು, ಎರಡು ದಿನದ ಹೋಟೆಲನ್ನು ಮುಂದಿಡುತ್ತಾಳಲ್ಲ! ತರಬೇತಿ ಎಂದು ಬರೆಯುವಾಗ ಏನು ಕಲಿತೆ, ಎಲ್ಲಿ, ಎಷ್ಟು ಕಾಲ, ಯಾವ ವರ್ಷ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಬೇಕು. ನಾಲ್ಕರಲ್ಲಿ ಒಂದಕ್ಕೆ ಉತ್ತರ ಹೇಳಲು ಮನಸ್ಸು ಹಿಂಜರಿದರೆ, ಆ ತರಬೇತಿಯನ್ನು ಬಿಟ್ಟುಬಿಡುವುದೇ ಲೇಸು.

ಎರಡನೆಯದು ವರ್ಷಗಳ ಲೆಕ್ಕ. "ಇಪ್ಪತ್ತು" ಎಲ್ಲಿಂದ ಬಂತು ಎಂದು ನಾವು ಕಾಗದದ ಮೇಲೆ ಕೂಡಿ ಕಳೆದು ನೋಡಿದೆವು. 2007ರಲ್ಲಿ ಆಕೆ ಬೆಂಗಳೂರಿನ ಒಂದು ದೊಡ್ಡ ಸಲೂನಿಗೆ ಸಹಾಯಕಿಯಾಗಿ ಸೇರಿದಳು. ಮೊದಲ ವರ್ಷ ಮಾಡಿದ್ದು ತಲೆ ತೊಳೆಯುವುದು, ನೆಲದ ಕೂದಲು ಗುಡಿಸುವುದು, ಟವೆಲ್ ಒಗೆಯುವುದು. ಎರಡನೆಯ ವರ್ಷ ಬಣ್ಣ ಕಲಸುವುದು, ಕೂದಲು ಒಣಗಿಸುವುದು. ಗಿರಾಕಿಯ ತಲೆಗೆ ಕತ್ತರಿ ಮುಟ್ಟಿಸಲು ಬಿಟ್ಟದ್ದು ಮೂರನೆಯ ವರ್ಷ. ನಡುವೆ ಹೆರಿಗೆಗೆಂದು ಒಂದು ವರ್ಷ ಬಿಡುವು. 2013ರಲ್ಲಿ ಮೈಸೂರಿಗೆ ಬಂದು ಸ್ವಂತ ಅಂಗಡಿ ತೆರೆದಳು. 2020 ಮತ್ತು 2021ರ ಲಾಕ್‌ಡೌನುಗಳಲ್ಲಿ ಬಾಗಿಲು ಮುಚ್ಚಿತ್ತು. ಇವನ್ನೆಲ್ಲ ಕಳೆದರೆ ಇಪ್ಪತ್ತು ಉಳಿಯುವುದಿಲ್ಲ.

ಆಕೆ ಸುಳ್ಳು ಹೇಳಿದಳೆಂದು ನಾನು ಭಾವಿಸಲಿಲ್ಲ. ಎಲ್ಲರೂ ಹಾಗೆಯೇ ದುಂಡಗೆ ಮಾಡಿ ಹೇಳುತ್ತಾರೆ. ಆದರೆ ದುಂಡಗೆ ಮಾಡಿದ ಅಂಕಿಯಲ್ಲಿ ಎರಡು ದೋಷಗಳಿವೆ. ಒಂದು, ಅದು ಹಳಸುತ್ತದೆ. ಈ ವರ್ಷ ಬರೆದ "ಇಪ್ಪತ್ತು" ಐದು ವರ್ಷದ ಬಳಿಕವೂ ಇಪ್ಪತ್ತೇ ಆಗಿರುತ್ತದೆ, ಬದಲಿಸಲು ಯಾರಿಗೆ ನೆನಪಿರುತ್ತದೆ? "2013ರಿಂದ" ಎಂದು ಬರೆದರೆ ಅದು ಎಂದಿಗೂ ತಪ್ಪಾಗದು, ಲೆಕ್ಕ ಓದುವವರೇ ಹಾಕಿಕೊಳ್ಳುತ್ತಾರೆ. ಇನ್ನೊಂದು, ದುಂಡು ಅಂಕಿಯೊಳಗೆ ವರ್ಷಗಳು ಏನು ಮಾಡಿದವು ಎಂಬುದು ಕಾಣುವುದಿಲ್ಲ. ಒಂದೇ ಪಾಠವನ್ನು ಇಪ್ಪತ್ತು ವರ್ಷ ಹಳೆಯ ಟಿಪ್ಪಣಿಯಿಂದಲೇ ಓದಿಸಿದ ಶಿಕ್ಷಕರನ್ನು ನಾನು ಕಂಡಿದ್ದೇನೆ. ಅವರದು ಇಪ್ಪತ್ತು ವರ್ಷದ ಅನುಭವವಲ್ಲ, ಒಂದು ವರ್ಷದ ಅನುಭವದ ಇಪ್ಪತ್ತು ಪುನರಾವರ್ತನೆ. ನನ್ನ ವಿದ್ಯಾರ್ಥಿನಿಯ ಮೊದಲ ವರ್ಷದ ತಲೆ ತೊಳೆಯುವ ಕೆಲಸವನ್ನು ಬಚ್ಚಿಡಬೇಕಾಗಿಲ್ಲ. ಅಲ್ಲೇ ಆಕೆ ಕಲಿತ ಒಂದು ಸಂಗತಿ ಇಡೀ ಬರಹದಲ್ಲಿ ಅತ್ಯಂತ ಬೆಲೆಬಾಳುವುದಾಯಿತು. ಅದನ್ನು ಹೇಳುವ ಮುನ್ನ ನನ್ನ ಕುತ್ತಿಗೆಯ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ತಂಗಿಯ ಮಗಳ ಮದುವೆಗೆ ಮುನ್ನ ಎಲ್ಲರ ಒತ್ತಾಯಕ್ಕೆ ಒಂದು ಪಾರ್ಲರಿಗೆ ಹೋಗಿದ್ದೆ. ಯಾವುದೆಂದು ಬೇಡ. ತಲೆ ತೊಳೆಯಲೆಂದು ನನ್ನನ್ನು ಬೇಸಿನ್ನಿಗೆ ಬೆನ್ನು ಮಾಡಿ ಕೂರಿಸಿ, ಕುತ್ತಿಗೆಯನ್ನು ಅದರ ಅಂಚಿನ ಬಾಗಿನಲ್ಲಿ ಹಿಂದಕ್ಕೆ ಇಳಿಬಿಟ್ಟರು. ಮೂವತ್ತು ವರ್ಷ ಕರಿಹಲಗೆಯ ಮೇಲಿನ ಸಾಲಿಗೆ ತಲೆಯೆತ್ತಿ ಬರೆದವಳ ಕುತ್ತಿಗೆಯ ಎಲುಬು ಸವೆದಿರುವುದು ಅವರಿಗೆ ಗೊತ್ತಿರಲಿಲ್ಲ, ಅವರು ಕೇಳಲೂ ಇಲ್ಲ. ಹತ್ತು ನಿಮಿಷ ಹಾಗೆಯೇ ಇದ್ದು ಎದ್ದಾಗ ಕಣ್ಣು ಕತ್ತಲೆ ಬಂದು ಕುರ್ಚಿಯ ಕೈ ಹಿಡಿದುಕೊಂಡೆ. ಫಲಕದ ಮೇಲೆ "ಗ್ರಾಹಕರ ತೃಪ್ತಿಯೇ ನಮ್ಮ ಗುರಿ" ಎಂದು ದಪ್ಪಕ್ಷರದಲ್ಲಿತ್ತು.

ಇದು ಮುದುಕಿಯ ಗೊಣಗಾಟವಷ್ಟೇ ಅಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದ ನರರೋಗತಜ್ಞ ಮೈಕೆಲ್ ವೈಂಟ್ರಾಬ್ ಎಂಬವರು 1993ರಲ್ಲಿ, ಪಾರ್ಲರಿನಲ್ಲಿ ಹೀಗೆ ತಲೆ ತೊಳೆಸಿಕೊಂಡ ಬಳಿಕ ಮಿದುಳಿನ ತೊಂದರೆಗೊಳಗಾದ ಐವರು ಮಹಿಳೆಯರ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕುತ್ತಿಗೆಯ ಎಲುಬುಗಳ ನಡುವಿನಿಂದ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ತಲೆಯನ್ನು ಅತಿಯಾಗಿ ಹಿಂದಕ್ಕೆ ಬಾಗಿಸಿದರೆ ಅವು ಹಿಂಡಿದಂತಾಗಬಹುದು ಅಥವಾ ಅವುಗಳ ಒಳಗೋಡೆಗೆ ಗಾಯವಾಗಬಹುದು. ಹೀಗಾಗುವುದು ತೀರ ಅಪರೂಪ, ಹೆದರಿ ಯಾರೂ ತಲೆ ತೊಳೆಸಿಕೊಳ್ಳುವುದನ್ನು ಬಿಡಬೇಕಾಗಿಲ್ಲ. ಆದರೆ ತಲೆ ಸುತ್ತಿದರೆ, ದೃಷ್ಟಿ ಮಂಜಾದರೆ, ಮಾತು ತೊದಲಿದರೆ, ಕೈಕಾಲು ಜೋಮು ಹಿಡಿದರೆ ತಕ್ಷಣ ನಿಲ್ಲಿಸಬೇಕು, ವೈದ್ಯರ ಬಳಿ ಹೋಗಬೇಕು. ತಡೆಯುವ ಉಪಾಯವಂತೂ ಬಹಳ ಸರಳ.

ಆ ಉಪಾಯವನ್ನೇ ನನ್ನ ವಿದ್ಯಾರ್ಥಿನಿ ತಲೆ ತೊಳೆಯುತ್ತಿದ್ದ ವರ್ಷದಲ್ಲಿ ಕಲಿತದ್ದು. ನಾನು ಆಕೆಯ ಅಂಗಡಿಗೆ ಮೊದಲ ಸಲ ಹೋದಾಗ, "ಕುತ್ತಿಗೆ ನೋವು ಇದೆಯಾ ಮೇಡಂ?" ಎಂದು ಕೇಳಿದಳು. ಇದೆ ಎಂದಾಗ, ಟವೆಲನ್ನು ಸುರುಳಿ ಸುತ್ತಿ ಕುತ್ತಿಗೆಯ ಕೆಳಗಿಟ್ಟು ನೋಡಿ, ಅದೂ ಸಾಲದೆನಿಸಿ, ಮುಖಕ್ಕೆ ಒಣ ಬಟ್ಟೆ ಕೊಟ್ಟು ಮುಂದಕ್ಕೆ ಬಾಗಿಸಿ ತೊಳೆದಳು. ಮನೆಯಲ್ಲಿ ಅಮ್ಮ ಎರೆಯುತ್ತಿದ್ದುದೂ ಹೀಗೆಯೇ ಅಲ್ಲವೇ! ಈಗ ಆಕೆಯ ಹಾಳೆಯನ್ನು ನೋಡಿದರೆ ಅದರಲ್ಲಿ "ಮನೆಯಂಥ ವಾತಾವರಣ" ಎಂದಿತ್ತು, ಟವೆಲಿನ ಸುರುಳಿ ಇರಲಿಲ್ಲ. ಗಿರಾಕಿಯ ನೆಮ್ಮದಿ ಎಂದರೆ ಗೋಡೆಯ ಬಣ್ಣವೂ ತಂಪು ಗಾಳಿಯೂ ಅಲ್ಲ, ಮುಟ್ಟುವ ಮುನ್ನ ಕೇಳುವ ಪ್ರಶ್ನೆ. ಆ ಪ್ರಶ್ನೆಯನ್ನೇ ಬರೆದುಬಿಟ್ಟರೆ "ನೆಮ್ಮದಿ" ಎಂಬ ಪದವನ್ನು ಬಳಸುವ ಅಗತ್ಯವೇ ಬೀಳುವುದಿಲ್ಲ.

ಆಕೆ ಕೇಳುವ ಇನ್ನೊಂದು ಪ್ರಶ್ನೆ ಬಣ್ಣದ್ದು. ಇದನ್ನು ನನ್ನ ಬಂಧುಗಳು ಗಮನವಿಟ್ಟು ಓದಬೇಕು, ಏಕೆಂದರೆ ನಮ್ಮ ಅಕ್ಕನ ಪ್ರಸಂಗ ಎಲ್ಲರಿಗೂ ನೆನಪಿದೆ. ಹತ್ತು ವರ್ಷದಿಂದ ಒಂದೇ ಬಗೆಯ ಪೊಟ್ಟಣದ ಕಪ್ಪು ಮೆಹಂದಿ ಹಚ್ಚಿಕೊಳ್ಳುತ್ತಿದ್ದ ಅಕ್ಕನಿಗೆ ಒಂದು ಸಲ, ಹಚ್ಚಿಕೊಂಡ ಎರಡನೆಯ ದಿನ ಕಣ್ಣಿನ ರೆಪ್ಪೆಗಳು ಊದಿ, ಹಣೆಯಂಚಿನಲ್ಲಿ ನೀರು ಒಸರತೊಡಗಿತು. "ಹತ್ತು ವರ್ಷದಿಂದ ಏನೂ ಆಗದ್ದು ಈಗ ಹೇಗಾದೀತು, ಇದು ಬದನೆಕಾಯಿಯ ನಂಜು" ಎಂದು ಮನೆಯಲ್ಲಿ ವಾದಿಸಿದೆವು. ಚರ್ಮವೈದ್ಯರು ಪೊಟ್ಟಣ ತರಿಸಿ ನೋಡಿ ನಮ್ಮ ಬದನೆಕಾಯಿಯನ್ನು ಬಿಡುಗಡೆ ಮಾಡಿದರು. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಪ್ಯಾರಾಫಿನೈಲೀನ್‌ಡಯಮೀನ್ ಎಂಬ ರಾಸಾಯನಿಕವಿರುತ್ತದೆ, ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಶುದ್ಧ ಮೆಹಂದಿ ಕೆಂಪು ಬಣ್ಣವನ್ನಷ್ಟೇ ಕೊಡುತ್ತದೆ. ಕಪ್ಪು ಬಂದರೆ ಅದರಲ್ಲಿ ಬೇರೇನೋ ಬೆರೆತಿದೆಯೆಂದೇ ತಿಳಿಯಬೇಕು. ಪೊಟ್ಟಣದ ಮೇಲೆ "ಅಮೋನಿಯಾ ಇಲ್ಲ" ಎಂದು ಬರೆದಿದ್ದರೆ ಪಿಪಿಡಿಯೂ ಇಲ್ಲವೆಂದು ಅರ್ಥವಲ್ಲ, ಅವೆರಡೂ ಬೇರೆ ಬೇರೆ. ಈ ಒಗ್ಗದಿಕೆ ಹುಟ್ಟಿನಿಂದ ಬರುವುದೂ ಅಲ್ಲ. ವರ್ಷಗಟ್ಟಲೆ ಸಹಿಸಿಕೊಂಡ ಮೈ ಒಂದು ದಿನ ಸಾಕೆನ್ನುತ್ತದೆ. ಹಾಗಾಗಿ "ನನಗೆ ಅಭ್ಯಾಸವಿದೆ" ಎಂಬ ಮಾತು ಇಲ್ಲಿ ರಕ್ಷೆಯಲ್ಲ.

ಇದಕ್ಕೆ ಆಕೆ ಮಾಡುವುದೇನೆಂದರೆ, ಬಣ್ಣಕ್ಕೆ ಸಮಯ ಕೇಳಿದವರನ್ನು 48 ಗಂಟೆ ಮೊದಲೇ ಐದು ನಿಮಿಷಕ್ಕೆ ಬರಹೇಳುತ್ತಾಳೆ. ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ, ಬಳಸಲಿರುವ ಬಣ್ಣವನ್ನೇ ಪೊಟ್ಟಣದ ಸೂಚನೆಯಂತೆ ಒಂದು ಚುಕ್ಕೆಯಷ್ಟು ಹಚ್ಚಿ ಕಳಿಸುತ್ತಾಳೆ. ತುರಿಕೆ, ಕೆಂಪು, ಊತ ಕಂಡರೆ ಬಣ್ಣವಿಲ್ಲ. ಎರಡು ದಿನ ಕಾಯುವುದೇಕೆಂದರೆ ಈ ಬಗೆಯ ಅಲರ್ಜಿ ತಕ್ಷಣ ತೋರುವುದಿಲ್ಲ, ಒಂದೆರಡು ದಿನ ಕಳೆದ ಮೇಲೆ ಮೇಲೇಳುತ್ತದೆ. ಹಚ್ಚಿ ಅರ್ಧ ಗಂಟೆ ನೋಡಿ "ಏನೂ ಆಗಲಿಲ್ಲ" ಎನ್ನುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಚುಕ್ಕೆ ಸುಮ್ಮನಿದ್ದರೂ ನೂರಕ್ಕೆ ನೂರು ಭರವಸೆಯಿಲ್ಲವೆಂದು ಆಕೆಯೇ ಹೇಳುತ್ತಾಳೆ. ಹಿಂದೊಮ್ಮೆ ಬಣ್ಣದಿಂದಲೋ ಜಾತ್ರೆಯಲ್ಲಿ ಹಾಕಿಸಿಕೊಂಡ ಕಪ್ಪು ಮೆಹಂದಿ ಚಿತ್ತಾರದಿಂದಲೋ ಬೊಬ್ಬೆ ಎದ್ದವರಾದರೆ ಚುಕ್ಕೆಯನ್ನೂ ಇಡದೆ, ವೈದ್ಯರನ್ನು ಕೇಳಿ ಬನ್ನಿ ಎನ್ನುತ್ತಾಳೆ.

"ಇದನ್ನು ಬರೆದ್ರೆ ಗಿರಾಕಿ ಹೆದರಿ ಓಡ್ತಾರೆ ಮೇಡಂ. ಈಗ್ಲೇ ಎರಡು ಸಲ ಬರೋಕೆ ಯಾರಿಗೆ ಪುರುಸೊತ್ತಿದೆ ಅಂತ ಬೈತಾರೆ" ಎಂದಳು. ಇದು ನ್ಯಾಯವಾದ ಅಂಜಿಕೆ. ವ್ಯಾಪಾರ ಮಾಡುವವಳು ಆಕೆ, ಪಿಂಚಣಿ ಬರುವವಳು ನಾನು. ಕೆಲವರು ಖಂಡಿತ ಓಡುತ್ತಾರೆ. ಆದರೆ ಅವರು ಬಂದು ಕುರ್ಚಿಯಲ್ಲಿ ಕುಳಿತ ಮೇಲೆ ಜಗಳವಾಗುವುದಕ್ಕಿಂತ, ಬರುವ ಮುನ್ನವೇ ಓದಿ ತೀರ್ಮಾನಿಸುವುದು ಇಬ್ಬರಿಗೂ ಒಳ್ಳೆಯದು. ತಾನು ಏನನ್ನು ಮಾಡುವುದಿಲ್ಲ ಎಂಬ ಒಂದು ಸಾಲು, ಎಲ್ಲವನ್ನೂ ಮಾಡುತ್ತೇನೆಂಬ ಹತ್ತು ಸಾಲಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಇಷ್ಟಾದ ಮೇಲೆ ಬರಹ ಮುಗಿಯಬೇಕಿತ್ತು. ಆದರೆ ಮೂರೂ ಭಾಗಗಳನ್ನು ಒಂದಕ್ಕೊಂದು ಹೆಣೆಯುವಾಗ ಒಂದು ಕೊಂಡಿ ಸಿಗಲಿಲ್ಲ. ಆಕೆ ಕತ್ತರಿ ಹಾಕುವ ಮುನ್ನ ಒಣ ಕೂದಲಿನಲ್ಲೇ ನೆತ್ತಿಯ ಸುಳಿ ಯಾವ ಕಡೆ ತಿರುಗಿದೆ ಎಂದು ಬೆರಳಿನಿಂದ ಬಿಡಿಸಿ ನೋಡುತ್ತಾಳೆ. ಸುಳಿಗೆ ಎದುರಾಗಿ ಮೋಟಾಗಿ ಕತ್ತರಿಸಿದರೆ ಆ ಜಾಗದ ಕೂದಲು ಎದ್ದು ನಿಲ್ಲುತ್ತದೆ, ಎಷ್ಟು ಬಾಚಿದರೂ ಕೂರುವುದಿಲ್ಲ. ಗುಂಗುರು ಕೂದಲಾದರೆ ಒದ್ದೆಯಿದ್ದಾಗ ಉದ್ದ ಕಾಣುತ್ತದೆ, ಒಣಗಿದಾಗ ಮೇಲೆ ಸರಿಯುತ್ತದೆ. ಅದಕ್ಕೇ ಬೇಕಾದುದಕ್ಕಿಂತ ಎರಡು ಬೆರಳು ಉದ್ದ ಬಿಟ್ಟು, ಒಣಗಿಸಿ ನೋಡಿ, ಉಳಿದದ್ದನ್ನು ಆಮೇಲೆ ತೆಗೆಯುತ್ತಾಳೆ. "ಇದನ್ನು ಐಟಿಐಯಲ್ಲಿ ಹೇಳಿಕೊಟ್ಟರೇ?" ಎಂದೆ. "ಇಲ್ಲ." "ಬೆಂಗಳೂರಿನಲ್ಲಿ?" "ಅಲ್ಲೂ ಇಲ್ಲ ಮೇಡಂ." ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ನಮ್ಮಪ್ಪ."

ಆಕೆಯ ತಂದೆ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕ್ಷೌರ ಮಾಡುತ್ತಿದ್ದವರು. ಹತ್ತನೆಯ ವಯಸ್ಸಿನಿಂದ ಈ ಹುಡುಗಿ ಅಪ್ಪನ ಪಕ್ಕ ನಿಂತು ನೀರು ಕೊಡುತ್ತ, ಪಟಿಕದ ಬಿಲ್ಲೆ ತೊಳೆಯುತ್ತ, ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಹೇಗೆ ಎಳೆಯಬೇಕೆಂದು ನೋಡುತ್ತ ಬೆಳೆದಳು. ತಮ್ಮಂದಿರ ತಲೆಯ ಮೇಲೆ ಕತ್ತರಿ ಹಿಡಿದದ್ದು ಅಲ್ಲಿಯೇ. ಆಕೆಯ ವಿದ್ಯೆಯ ಮೊದಲ ಆರು ವರ್ಷಗಳು ಯಾವ ಲೆಕ್ಕದಲ್ಲೂ ಬಂದಿರಲಿಲ್ಲ. ಯಾಕೆ ಬರೆಯಲಿಲ್ಲವೆಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

2003-04ರ ಹತ್ತನೆಯ ತರಗತಿಯಲ್ಲಿ ಕೆಲವು ಹುಡುಗರು ಆಕೆಯ ಅಪ್ಪನ ಕಸುಬಿನ ಹೆಸರನ್ನೇ ಬೈಗುಳವಾಗಿ ಮಾಡಿ ಕೂಗುತ್ತಿದ್ದರು. ಪಾಠ ಮುಗಿಸಿ ಹೊರಡುವಾಗ ನನ್ನ ಕಿವಿಗೆ ಬಿದ್ದಿತ್ತು, ಒಮ್ಮೆಯಲ್ಲ, ಹಲವು ಸಲ. ಹುಡುಗಾಟ ಎಂದುಕೊಂಡು ಹಾಜರಿ ಪುಸ್ತಕ ಎತ್ತಿಕೊಂಡು ನಡೆದುಬಿಟ್ಟೆ. ಗಾದೆಗಳನ್ನು ವಿವರಿಸುವಾಗ ಆ ಕಸುಬನ್ನು ಹೀಗಳೆಯುವ ಗಾದೆಯನ್ನು ನಗುತ್ತಲೇ ಹೇಳಿದ ನೆನಪೂ ಇದೆ. ಕಾಗುಣಿತದ ತಪ್ಪಿಗೆ ಕೆಂಪು ಗೀಟು ಹಾಕಿದ ಕೈ ಇದಕ್ಕೆ ಹಾಕಲಿಲ್ಲ. ಆ ತರಗತಿಯಲ್ಲಿದ್ದವರು ಇದನ್ನು ಓದುತ್ತಿರಬಹುದು. ನಿಮ್ಮನ್ನು ದೂರುವುದಕ್ಕೆ ಬರೆಯುತ್ತಿಲ್ಲ, ಆಗ ನಿಮಗೆ ಹದಿನೈದು, ನನಗೆ ನಲವತ್ತು ದಾಟಿತ್ತು. ತಪ್ಪು ಯಾರದೆಂದು ಲೆಕ್ಕ ಸುಲಭ. ಅಂದು ಸಂಜೆ ಆಕೆಯೆದುರು ಇದನ್ನು ಬಾಯಿಬಿಟ್ಟು ಹೇಳಿದೆ. "ಹೋಗ್ಲಿ ಬಿಡಿ ಮೇಡಂ, ಆಗ ಎಲ್ರೂ ಹಾಗೇ ಇದ್ರು" ಎಂದಳು. ಕ್ಷಮಿಸಿದಳೋ, ಮಾತು ಮುಗಿಸಿದಳೋ ನನಗೆ ತಿಳಿಯಲಿಲ್ಲ.

ಅಪ್ಪನ ಹೆಸರನ್ನು ಬರೆಯೆಂದು ಒತ್ತಾಯಿಸುವ ಹಕ್ಕು ನನಗಿಲ್ಲ. ಈಗಲೂ ಅದನ್ನು ಓದಿ ಬೇರೆ ಅಂಗಡಿ ಹುಡುಕುವ ಜನ ಇದ್ದಾರೆ, ಆ ನಷ್ಟ ಆಕೆಯದು. ನಾನು ಹೇಳಿದ್ದು ಇಷ್ಟೇ: ಹೆಮ್ಮೆಗಾಗಿಯೋ ಕರುಣೆಗಾಗಿಯೋ ಬರೆಯುವುದಾದರೆ ಬೇಡ. ಆದರೆ ಸುಳಿ ನೋಡುವ ಕೈ ಎಲ್ಲಿಂದ ಬಂತೆಂದು ಗಿರಾಕಿ ಕೇಳಿದರೆ ಸರಿಯಾದ ಉತ್ತರ ಅದೊಂದೇ. ತರಬೇತಿ ಎಂದರೆ ಏನು, ಎಲ್ಲಿ, ಎಷ್ಟು ಕಾಲ ಎಂದು ನಾವೇ ನಿಯಮ ಮಾಡಿಕೊಂಡಿದ್ದೇವೆ. ಆ ನಿಯಮಕ್ಕೆ ಹೋಟೆಲಿನ ಎರಡು ದಿನ ಸೋತಿತು, ಅಪ್ಪನ ಆರು ವರ್ಷ ಗೆದ್ದಿತು. ನಿನಗೆ ಬಿಟ್ಟದ್ದು.

ಆಕೆ ಒಂದು ವಾರ ಸುಮ್ಮನಿದ್ದಳು. ಆಮೇಲೆ ಕಳಿಸಿದ ಬರಹ ಇದು, ಕೆಂಪು ಗೀಟಿಗೆ ಜಾಗ ಸಿಗಲಿಲ್ಲ:

"ಕತ್ತರಿ ಹಿಡಿಯುವುದನ್ನು, ಕತ್ತರಿಸುವ ಮುನ್ನ ಸುಳಿ ನೋಡುವುದನ್ನು ಊರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದ ನನ್ನ ತಂದೆಯಿಂದ ಕಲಿತೆ. 2007ರಲ್ಲಿ ಐಟಿಐಯಲ್ಲಿ ಕೂದಲು ಮತ್ತು ಚರ್ಮದ ಆರೈಕೆಯ ಒಂದು ವರ್ಷದ ಕೋರ್ಸು ಮುಗಿಸಿದೆ. ಆಮೇಲೆ ಬೆಂಗಳೂರಿನ ಸಲೂನಿನಲ್ಲಿ, ಮೊದಲು ತಲೆ ತೊಳೆಯುವವಳಾಗಿ, ಮೂರನೆಯ ವರ್ಷದಿಂದ ಕೂದಲು ಕತ್ತರಿಸುವವಳಾಗಿ ಕೆಲಸ ಮಾಡಿದೆ. 2013ರಿಂದ ಮೈಸೂರಿನಲ್ಲಿ ನನ್ನದೇ ಅಂಗಡಿ ಇದೆ. ಕುತ್ತಿಗೆ ನೋವಿದ್ದರೆ ಮೊದಲೇ ಹೇಳಿ, ಮುಂದಕ್ಕೆ ಬಾಗಿಸಿ ತಲೆ ತೊಳೆಯುತ್ತೇನೆ. ಹುಬ್ಬಿನ ದಾರವನ್ನು ಬಾಯಲ್ಲಿ ಕಚ್ಚುವುದಿಲ್ಲ, ಕೊರಳಿಗೆ ಕಟ್ಟಿಕೊಂಡು ಮಾಡುತ್ತೇನೆ. ಬಣ್ಣ ಹಚ್ಚಿಸುವವರು 48 ಗಂಟೆ ಮೊದಲು ಚರ್ಮದ ಪರೀಕ್ಷೆಗೆ ಬರಬೇಕು, ಅದಕ್ಕೆ ಹಣವಿಲ್ಲ. ಪರೀಕ್ಷೆ ಇಲ್ಲದೆ ಬಣ್ಣ ಹಚ್ಚುವುದಿಲ್ಲ."

ಇದನ್ನು ಪಕ್ಕದ ಅಂಗಡಿಯ ಬಾಗಿಲಿಗೆ ಅಂಟಿಸಲಾಗದು. ಇಲ್ಲಿ "ಅಪಾರ", "ನುರಿತ" ಎಂಬ ಯಾವ ವಿಶೇಷಣವೂ ಇಲ್ಲ. ತರಬೇತಿ ಒಂದು ಕಡೆ, ವರ್ಷಗಳು ಒಂದು ಕಡೆ, ಗಿರಾಕಿಯ ನೆಮ್ಮದಿ ಇನ್ನೊಂದು ಕಡೆ ಎಂದು ಮೂರು ಗುಡ್ಡೆಗಳಾಗಿಲ್ಲ. ತಂದೆ ಕಲಿಸಿದ್ದು ಕತ್ತರಿಯಲ್ಲಿ ಕಾಣುತ್ತದೆ, ಐಟಿಐ ಕಲಿಸಿದ್ದು ಬಣ್ಣದ ಎಚ್ಚರಿಕೆಯಲ್ಲಿ, ತಲೆ ತೊಳೆದ ವರ್ಷ ಗಿರಾಕಿಯ ಕುತ್ತಿಗೆಯ ಕಾಳಜಿಯಲ್ಲಿ. ಓದಿದವರು ಅಂಗಡಿಗೆ ಹೋಗಿ ಪ್ರತಿಯೊಂದು ಸಾಲನ್ನೂ ಪರೀಕ್ಷಿಸಬಹುದು. ಮುಂದಕ್ಕೆ ಬಾಗಿಸಿ ತೊಳೆಯದಿದ್ದರೆ, "ಬರೆದಿದ್ದೀರಲ್ಲ ತಾಯಿ" ಎಂದು ಕೇಳಬಹುದು. ಹೀಗೆ ಕೇಳಿಸಿಕೊಳ್ಳಲು ಸಿದ್ಧವಿರುವ ಮಾತನ್ನು ಮಾತ್ರ ಪರಿಚಯದಲ್ಲಿ ಬರೆಯಬೇಕು ಎಂಬುದೇ ಈ ಇಡೀ ಬರಹದಲ್ಲಿ ನಾನು ಹೇಳಹೊರಟ ಅಭಿಪ್ರಾಯ.

ಕೊನೆಗೊಂದು ತಿದ್ದುಪಡಿ ಉಳಿಯಿತು, ಅದನ್ನು ಮಾಡಿದ್ದು ನಾನಲ್ಲ. ಆಕೆ ಇದನ್ನು ಊರಿಗೆ ಹೋಗಿ ತಂದೆಗೆ ಓದಿ ಹೇಳಿದಳಂತೆ. ಈಗ ಕಣ್ಣು ಮಂಜಾಗಿ ಕತ್ತಿ ಕೆಳಗಿಟ್ಟಿರುವ ಆ ಹಿರಿಯರು ಎಲ್ಲವನ್ನೂ ಕೇಳಿ, "ಅಂಗ್ಡಿ ಎಲ್ಲಿತ್ತವ್ವಾ? ಅರಳಿಕಟ್ಟೆ ಪಕ್ಕ ಒಂದ್ ಕುರ್ಚಿ, ಒಂದ್ ಕನ್ನಡಿ. ಅಷ್ಟೇ ಬರಿ" ಎಂದರಂತೆ. ಆಕೆ ಹಾಗೆಯೇ ತಿದ್ದಿದ್ದಾಳೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅಂಗಡಿ, ಕಸುಬು ನಡೆಸುವವರು ಬಹಳ ಮಂದಿ ಇದ್ದೀರಿ. ನಿಮ್ಮ ಪರಿಚಯದ ನಾಲ್ಕು ಸಾಲನ್ನು ಕಳಿಸಿದರೆ ಸಂತೋಷದಿಂದ ನೋಡುತ್ತೇನೆ. ಕೆಂಪು ಪೆನ್ನು ಈಗ ಮೇಜಿನ ಮೇಲೆಯೇ ಇದೆ.